ಪೈಪ್ ದುರಸ್ತಿಯ ನಂತರ ಕೆಸರು ನೀರು: ನೀರು ಸರಬರಾಜು ಕಚೇರಿಗೆ ಬರೆಯುವ ಪತ್ರದಲ್ಲಿ ಏನಿರಬೇಕು?

ಬೀದಿಯಲ್ಲಿ ಒಡೆದ ಕುಡಿಯುವ ನೀರಿನ ಪೈಪನ್ನು ದುರಸ್ತಿ ಮಾಡಿದ ನಂತರ ಮೊದಲ ಸರದಿಯ ನೀರು ಕೆಂಪಾಗಿಯೋ ಕೆಸರಾಗಿಯೋ ಬರುವುದು ರಾಜ್ಯದ ಬಹುತೇಕ ನಗರಗಳ ನಿವಾಸಿಗಳಿಗೆ ಹೊಸದೇನಲ್ಲ. ಹೆಚ್ಚಿನ ಸಂದರ್ಭಗಳಲ್ಲಿ ಅದು ಅರ್ಧ ಗಂಟೆಯೊಳಗೆ ತಿಳಿಯಾಗುತ್ತದೆ. ಕೆಲವೊಮ್ಮೆ ತಿಳಿಯಾಗುವುದಿಲ್ಲ. ಈ ಎರಡು ಸ್ಥಿತಿಗಳ ನಡುವಿನ ವ್ಯತ್ಯಾಸವೇ ಬೀದಿಯ ಆರೋಗ್ಯವನ್ನು ನಿರ್ಧರಿಸುತ್ತದೆ. ಮೊದಲನೆಯದು ಪೈಪಿನಲ್ಲಿ ಉಳಿದ ಮಣ್ಣು, ಅಷ್ಟೆ. ಎರಡನೆಯದರಲ್ಲಿ ಪೈಪಿನೊಳಗೆ ಹೊರಗಿನ ನೀರು, ಬಹುಶಃ ಚರಂಡಿಯ ನೀರು, ಇನ್ನೂ ಸೇರುತ್ತಿರಬಹುದು.

ನೀರು ಸರಬರಾಜು ಕಚೇರಿಗೆ ಬರುವ ದೂರುಗಳಲ್ಲಿ ಬಹಳಷ್ಟು "ನಮ್ಮ ಬೀದಿಗೆ ಕೊಳಕು ನೀರು ಬರುತ್ತಿದೆ, ದಯವಿಟ್ಟು ಸರಿಪಡಿಸಿ" ಎಂಬ ಒಂದೇ ವಾಕ್ಯದಲ್ಲಿ ಮುಗಿಯುತ್ತವೆ. ಇಂಥ ಪತ್ರವನ್ನು ಓದಿದ ಅಭಿಯಂತರರಿಗೆ ಮೇಲಿನ ಎರಡು ಸ್ಥಿತಿಗಳಲ್ಲಿ ಯಾವುದು ಎಂದು ತಿಳಿಯುವ ದಾರಿಯೇ ಇರುವುದಿಲ್ಲ. "ದುರಸ್ತಿಯಾದ ಮೇಲೆ ಸ್ವಲ್ಪ ಮಣ್ಣು ಬರುತ್ತದೆ, ನಾಳೆ ಸರಿಹೋಗುತ್ತದೆ" ಎಂಬ ಉತ್ತರ ಅಲ್ಲಿಂದಲೇ ಹುಟ್ಟುತ್ತದೆ. ಆ ಉತ್ತರ ಸರಿಯೋ ತಪ್ಪೋ ಎಂಬುದನ್ನು ನಿವಾಸಿಯೇ ಮನೆಯ ನಲ್ಲಿಯ ಬಳಿ ನಿಂತು, ಒಂದು ಬಕೆಟ್, ಒಂದು ಗಾಜಿನ ಲೋಟ ಮತ್ತು ಒಂದು ಗಡಿಯಾರದ ನೆರವಿನಿಂದ ಬಹುಮಟ್ಟಿಗೆ ಕಂಡುಕೊಳ್ಳಬಹುದು. ಪತ್ರದ ಬಲ ಇರುವುದು ಆ ವಿವರಗಳಲ್ಲಿ.

ಮಣ್ಣು ಪೈಪಿನೊಳಗೆ ಹೋಗುವುದು ಹೇಗೆ?

ಪೈಪ್ ಒಡೆದಾಗ ಸಿಬ್ಬಂದಿ ಮೊದಲು ಆ ಬೀದಿಯ ವಾಲ್ವ್ ಮುಚ್ಚುತ್ತಾರೆ. ನಂತರ ಗುಂಡಿ ತೋಡುತ್ತಾರೆ. ಪೈಪಿನಲ್ಲಿದ್ದ ನೀರು ಗುಂಡಿಯಲ್ಲಿ ತುಂಬಿಕೊಂಡು ಮಣ್ಣಿನೊಂದಿಗೆ ಬೆರೆತು ರಾಡಿಯಾಗುತ್ತದೆ. ಒಡೆದ ಭಾಗವನ್ನು ಕತ್ತರಿಸುವ ಮೊದಲು ಆ ನೀರನ್ನು ಪಂಪಿನಿಂದ ಹೊರತೆಗೆದು, ಅದರ ಮಟ್ಟ ಪೈಪಿನ ತಳಕ್ಕಿಂತ ಕೆಳಗಿರುವಂತೆ ನೋಡಿಕೊಳ್ಳಬೇಕು. ಹಾಗೆ ಮಾಡದಿದ್ದರೆ ಕತ್ತರಿಸಿದ ಬಾಯಿಯ ಮೂಲಕ ರಾಡಿ ಎರಡೂ ಕಡೆಗೆ ಒಳನುಗ್ಗುತ್ತದೆ. ಹೊಸ ತುಂಡನ್ನು ಜೋಡಿಸಿ, ಮೇಲೆ ಮಣ್ಣು ಮುಚ್ಚಿದರೆ ಹೊರಗಿನಿಂದ ಎಲ್ಲವೂ ಸರಿಯಾಗಿಯೇ ಕಾಣುತ್ತದೆ.

ಕ್ರಮಬದ್ಧವಾದ ದುರಸ್ತಿ ಅಲ್ಲಿಗೆ ಮುಗಿಯುವುದಿಲ್ಲ. ಜೋಡಿಸುವ ತುಂಡಿನ ಒಳಮೈಯನ್ನು ಬ್ಲೀಚಿಂಗ್ ಪುಡಿಯ ದ್ರಾವಣದಿಂದ ಒರೆಸಬೇಕು. ವಾಲ್ವನ್ನು ನಿಧಾನವಾಗಿ ತೆರೆದು ಪೈಪ್ ತುಂಬಿಸಬೇಕು. ಬೀದಿಯ ಕೊನೆಯಲ್ಲಿರುವ ವಾಷ್‌ಔಟ್ ವಾಲ್ವ್ ತೆರೆದು, ನೀರು ತಿಳಿಯಾಗುವವರೆಗೆ ವೇಗವಾಗಿ ಹೊರಬಿಡಬೇಕು. ಕೊನೆಯ ನಲ್ಲಿಯಲ್ಲಿ ಕ್ಲೋರಿನ್ ಅಂಶ ಉಳಿದಿದೆಯೇ ಎಂದು ಪರೀಕ್ಷಿಸಬೇಕು. ಆ ನಂತರವೇ ಮನೆಗಳಿಗೆ ನೀರು ಬಿಡಬೇಕು. ಕೆಸರು ನೀರಿನ ದೂರು ಬಂತೆಂದರೆ ಈ ಸರಪಳಿಯಲ್ಲಿ ಯಾವುದೋ ಒಂದು ಕೊಂಡಿ ತಪ್ಪಿದೆ ಎಂದೇ ಅರ್ಥ. ಹೆಚ್ಚಾಗಿ ತಪ್ಪುವುದು ವಾಷ್‌ಔಟ್ ಹಂತ.

ವಾರಕ್ಕೆ ಒಂದೆರಡು ಬಾರಿ ಮಾತ್ರ ನೀರು ಬಿಡುವ ನಗರಗಳಲ್ಲಿ ಅಪಾಯ ಇನ್ನೊಂದು ಬಗೆಯಲ್ಲಿಯೂ ಇದೆ. ನೀರು ಹರಿಯುವಾಗ ಪೈಪಿನೊಳಗಿನ ಒತ್ತಡ ಹೊರಗಿನದಕ್ಕಿಂತ ಹೆಚ್ಚಿರುತ್ತದೆ. ಜೋಡಣೆ ಸಡಿಲವಾಗಿದ್ದರೂ ನೀರು ಹೊರಕ್ಕೆ ಸೋರುತ್ತದೆಯೇ ಹೊರತು ಕೊಳೆ ಒಳಕ್ಕೆ ಬರುವುದಿಲ್ಲ. ಸರದಿ ಮುಗಿದು ಪೈಪ್ ಖಾಲಿಯಾದಾಗ ಆ ರಕ್ಷಣೆ ಹೋಗುತ್ತದೆ. ಸುತ್ತಲಿನ ತೇವದ ಮಣ್ಣಿನಲ್ಲಿರುವ ಚರಂಡಿ ನೀರು ಅದೇ ಸಂದಿನಿಂದ ಒಳಗೆ ಇಳಿಯುತ್ತದೆ. ಮುಂದಿನ ಸರದಿಯ ಮೊದಲ ನೀರು ಅದನ್ನು ಹೊತ್ತುಕೊಂಡು ಮನೆಗಳಿಗೆ ಬರುತ್ತದೆ.

ಇದು ಕೇವಲ ಊಹೆಯಲ್ಲ. ಹುಬ್ಬಳ್ಳಿ-ಧಾರವಾಡದಲ್ಲಿ ಕೆಲವು ವಾರ್ಡುಗಳಿಗೆ ದಿನದ 24 ಗಂಟೆಯೂ ನೀರು ಪೂರೈಸುವ ಪ್ರಾಯೋಗಿಕ ಯೋಜನೆ ಜಾರಿಗೆ ಬಂದ ಬಳಿಕ, ಅಮೆರಿಕದ ಬರ್ಕ್ಲಿಯ ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯದ ಸಂಶೋಧಕರು ಆ ವಾರ್ಡುಗಳ ನೀರನ್ನು ಸರದಿಯಲ್ಲಿ ನೀರು ಪಡೆಯುವ ವಾರ್ಡುಗಳ ನೀರಿನೊಂದಿಗೆ ಹೋಲಿಸಿದರು. 2013 ಮತ್ತು 2014ರಲ್ಲಿ ಪ್ರಕಟವಾದ ಅವರ ಅಧ್ಯಯನಗಳ ಪ್ರಕಾರ, ಸರದಿಯ ವಾರ್ಡುಗಳ ನಲ್ಲಿಗಳಲ್ಲಿ ಮಲಮೂಲದ ಬ್ಯಾಕ್ಟೀರಿಯಾ ಬಹಳ ಹೆಚ್ಚಾಗಿ ಕಂಡುಬಂದಿತು. ಸರದಿ ಆರಂಭವಾದಾಗ ಬರುವ ಮೊದಲ ನೀರು ಹಾಗೂ ಒತ್ತಡ ಕಡಿಮೆಯಿದ್ದಾಗಿನ ನೀರು ಹೆಚ್ಚು ಕಲುಷಿತವಾಗಿದ್ದವು.

ಒಂದು ಬೀದಿಯ ಲೆಕ್ಕ

ಉದಾಹರಣೆಗಾಗಿ ಒಂದು ಬೀದಿಯನ್ನು ಕಲ್ಪಿಸಿಕೊಳ್ಳಬಹುದು. ವಾಲ್ವಿನಿಂದ ಕೊನೆಯವರೆಗೆ 200 ಮೀಟರ್ ಉದ್ದ, 100 ಮಿ.ಮೀ. ವ್ಯಾಸದ ಪೈಪ್, 24 ಮನೆಗಳು. ಪೈಪ್ ಬೀದಿಯ ಕೊನೆಯಲ್ಲಿ ನಿಂತುಹೋಗುತ್ತದೆ. ಮುಂದಿನ ಬೀದಿಗೆ ಸೇರುವುದಿಲ್ಲ. ನಾಲ್ಕು ದಿನಕ್ಕೊಮ್ಮೆ ನೀರು. ಚರಂಡಿ ಕಾಮಗಾರಿಯ ಯಂತ್ರ ತಗುಲಿ ಮಾರ್ಚ್ 9ರಂದು ಪೈಪ್ ಒಡೆಯಿತು. ಅಂದು ಸಂಜೆಯೇ ದುರಸ್ತಿಯಾಯಿತು. ಮಾರ್ಚ್ 12ರ ಬೆಳಿಗ್ಗೆ 6 ಗಂಟೆಗೆ ಬಂದ ನೀರು ಕೆಸರಾಗಿತ್ತು, 40 ನಿಮಿಷ ಕಳೆದರೂ ತಿಳಿಯಾಗಲಿಲ್ಲ.

ಮೊದಲು ತಿಳಿಯಬೇಕಾದದ್ದು, ಕೊಳೆ ಮನೆಯ ಪೈಪಿನದೋ ಬೀದಿಯದೋ ಎಂಬುದು. ಬೀದಿಯಿಂದ ಮನೆಗೆ ಬರುವ 15 ಮಿ.ಮೀ. ಪೈಪ್ 20 ಮೀಟರ್ ಉದ್ದವಿದ್ದರೂ ಅದರಲ್ಲಿ ಹಿಡಿಯುವ ನೀರು ಮೂರೂವರೆ ಲೀಟರ್ ಮಾತ್ರ. ಎರಡು ಬಕೆಟ್ ನೀರು ಹೋದ ಮೇಲೆಯೂ ಕೆಸರು ಬರುತ್ತಿದ್ದರೆ ಅದು ಮನೆಯ ಪೈಪಿನ ಕೊಳೆಯಲ್ಲ, ಬೀದಿಯ ಪೈಪಿನಿಂದಲೇ ಬರುತ್ತಿದೆ.

ಇನ್ನು ಬೀದಿಯ ಪೈಪಿನಲ್ಲಿ ಹಿಡಿಯುವ ನೀರು ಸುಮಾರು 1,600 ಲೀಟರ್. 24 ಮನೆಗಳೂ ನಿಮಿಷಕ್ಕೆ 10 ಲೀಟರಿನಂತೆ ನೀರು ತುಂಬಿಸಿಕೊಂಡರೆ 40 ನಿಮಿಷಗಳಲ್ಲಿ 9,600 ಲೀಟರ್ ಹರಿದಿರುತ್ತದೆ. ಅಂದರೆ ಪೈಪ್ ಆರು ಸಲ ತುಂಬಿ ಖಾಲಿಯಾದಷ್ಟು ನೀರು. ದುರಸ್ತಿಯ ಸಮಯದಲ್ಲಿ ನೀರಿನಲ್ಲಿ ಬೆರೆತ ರಾಡಿ ಮಾತ್ರ ಕಾರಣವಾಗಿದ್ದರೆ ಅಷ್ಟರಲ್ಲಿ ಹೋಗಿಬಿಡಬೇಕಿತ್ತು. ಹೋಗಿಲ್ಲವೆಂದರೆ ಉಳಿಯುವ ಕಾರಣಗಳು ಎರಡೇ: ಪೈಪಿನ ತಳದಲ್ಲಿ ಮಣ್ಣಿನ ಪದರವೇ ಕುಳಿತಿದೆ, ಇಲ್ಲವೇ ಹೊಸ ಜೋಡಣೆಯ ಸಂದಿನಿಂದ ಸರದಿಯ ನಡುವೆ ಹೊರಗಿನ ನೀರು ಹಾಗೂ ಮಣ್ಣು ಒಳಸೇರಿವೆ.

ತಳದಲ್ಲಿ ಕುಳಿತ ಮಣ್ಣು ಮನೆಯ ನಲ್ಲಿಗಳಿಂದ ಹೋಗುವುದಿಲ್ಲ. ಬೀದಿಯ ಆರಂಭದಲ್ಲಿ 24 ಮನೆಗಳ ನೀರೂ ಒಟ್ಟಿಗೆ ಹರಿಯುವುದರಿಂದ ಅಲ್ಲಿ ವೇಗ ಸೆಕೆಂಡಿಗೆ ಅರ್ಧ ಮೀಟರಿನಷ್ಟಿರುತ್ತದೆ. ಪ್ರತಿ ಮನೆ ದಾಟಿದಂತೆ ಅದು ಇಳಿಯುತ್ತ, ಕೊನೆಯ ಮನೆಯ ಹತ್ತಿರ ಸೆಕೆಂಡಿಗೆ 2 ಸೆಂಟಿಮೀಟರ್‌ಗೆ ಬರುತ್ತದೆ. ಮೊದಲ ಭಾಗದಲ್ಲಿ ಎದ್ದ ಮಣ್ಣು ಕೊನೆಯ ಭಾಗದಲ್ಲಿ ಮತ್ತೆ ಕುಳಿತುಕೊಳ್ಳುತ್ತದೆ. ಬೀದಿಯ ಕೊನೆಯ ಮನೆಯವರೇ ಯಾವಾಗಲೂ ಹೆಚ್ಚು ದೂರುವುದಕ್ಕೆ ಕಾರಣ ಇದು. ಆ ಮಣ್ಣನ್ನು ತೊಳೆದುಹಾಕಲು ಸೆಕೆಂಡಿಗೆ ಸುಮಾರು ಒಂದು ಮೀಟರ್ ವೇಗ ಬೇಕು. 100 ಮಿ.ಮೀ. ಪೈಪಿನಲ್ಲಿ ಅದಕ್ಕೆ ಸೆಕೆಂಡಿಗೆ 7ರಿಂದ 8 ಲೀಟರ್, ಅಂದರೆ ಪ್ರತಿ ಎರಡು ಸೆಕೆಂಡಿಗೆ ಒಂದು ದೊಡ್ಡ ಬಕೆಟ್ ನೀರು ಹೊರಬೀಳಬೇಕು. ಯಾವ ಮನೆಯ ನಲ್ಲಿಗೂ ಆ ಶಕ್ತಿಯಿಲ್ಲ. ವಾಷ್‌ಔಟ್ ವಾಲ್ವ್ ಮಾತ್ರ ಅದನ್ನು ಮಾಡಬಲ್ಲದು. "ನಾಲ್ಕು ದಿನ ನೀರು ಬಿಟ್ಟರೆ ತಾನೇ ಸರಿಹೋಗುತ್ತದೆ" ಎಂಬ ಮಾತು ಇಂಥ ಬೀದಿಗೆ ಅನ್ವಯಿಸುವುದಿಲ್ಲ.

ನಲ್ಲಿಯ ಬಳಿ ಗಮನಿಸಬೇಕಾದದ್ದು

ನೀರನ್ನು ಬಣ್ಣವಿಲ್ಲದ ಗಾಜಿನ ಲೋಟದಲ್ಲಿ ಹಿಡಿದು ಬೆಳಕಿಗೆ ಒಡ್ಡಿ ನೋಡಬೇಕು. ಬಿಳಿಯಾಗಿ ಕಂಡ ನೀರು ಒಂದೆರಡು ನಿಮಿಷಗಳಲ್ಲಿ ಲೋಟದ ತಳದಿಂದ ಮೇಲಕ್ಕೆ ತಿಳಿಯಾಗುತ್ತ ಬಂದರೆ ಅದು ಗಾಳಿಯ ಗುಳ್ಳೆ, ಹಾನಿಯಿಲ್ಲ. ಕೆಂಗಂದು ಬಣ್ಣದ ನುಣುಪಾದ ಪುಡಿ ನಿಧಾನವಾಗಿ ಕೆಳಗಿಳಿದರೆ ಅದು ಹಳೆಯ ಕಬ್ಬಿಣದ ಪೈಪಿನಿಂದ ಕಿತ್ತುಬಂದ ತುಕ್ಕು. ಮರಳಿನೊಂದಿಗೆ ಜೇಡಿಮಣ್ಣು ಕುಳಿತುಕೊಂಡರೆ ಅದು ಗುಂಡಿಯ ಮಣ್ಣು. ನೀರು ಬೂದು ಅಥವಾ ಕಪ್ಪು ಛಾಯೆಯಲ್ಲಿದ್ದು ಕೊಳೆತ ವಾಸನೆ ಬಂದರೆ ಚರಂಡಿ ನೀರು ಸೇರಿರುವ ಸಂಶಯ ಬಲವಾಗುತ್ತದೆ. ಅಂಥ ಸಂದರ್ಭದಲ್ಲಿ ಪತ್ರಕ್ಕಾಗಿ ಕಾಯದೆ ಕೂಡಲೇ ದೂರವಾಣಿಯಲ್ಲಿ ತಿಳಿಸಬೇಕು. ಬೆಂಗಳೂರಿನಲ್ಲಿ ಜಲಮಂಡಳಿಯ ಸಹಾಯವಾಣಿ 1916.

ಇದಕ್ಕೊಂದು ಮಿತಿಯೂ ಇದೆ. ವಾಸನೆಯಿಲ್ಲದ, ತಿಳಿಯಾಗಿ ಕಾಣುವ ನೀರಿನಲ್ಲಿಯೂ ರೋಗಾಣುಗಳಿರಬಹುದು. ಆದ್ದರಿಂದ ಲೋಟದ ಪರೀಕ್ಷೆ ದೂರಿಗೆ ಆಧಾರವಾಗುತ್ತದೆಯೇ ಹೊರತು ನೀರು ಶುದ್ಧವೆಂಬುದಕ್ಕೆ ಪ್ರಮಾಣವಾಗುವುದಿಲ್ಲ.

ಬೀದಿಯ ಮೂರು ಕಡೆ ನೋಡುವುದು ಉಪಯುಕ್ತ: ದುರಸ್ತಿಯ ಗುಂಡಿಗಿಂತ ಮೊದಲಿನ ಒಂದು ಮನೆ, ಗುಂಡಿಯ ಪಕ್ಕದ ಮನೆ, ಬೀದಿಯ ಕೊನೆಯ ಮನೆ. ಗುಂಡಿಗಿಂತ ಮೊದಲಿನ ಮನೆಗೆ ತಿಳಿನೀರು ಬಂದು ನಂತರದ ಮನೆಗಳಿಗೆ ಕೆಸರು ಬಂದರೆ, ದೋಷ ಎಲ್ಲಿದೆ ಎಂಬುದು ಅಲ್ಲಿಯೇ ತೀರ್ಮಾನವಾಗುತ್ತದೆ. ಮೂರೂ ಕಡೆ ಕೆಸರಿದ್ದರೆ ಮೂಲ ಮೇಲಿನ ಮುಖ್ಯ ಪೈಪಿನಲ್ಲಿಯೋ ಟ್ಯಾಂಕಿನಲ್ಲಿಯೋ ಇರಬಹುದು.

ಪತ್ರದ ಮಾದರಿ

ಮೇಲೆ ಹೇಳಿದ ಬೀದಿಯ ನಿವಾಸಿಯೊಬ್ಬರು ಬರೆಯಬಹುದಾದ ಪತ್ರ ಹೀಗಿರುತ್ತದೆ:

*ಇಂದ,*
*(ಹೆಸರು, ಮನೆ ಸಂಖ್ಯೆ, ನಲ್ಲಿ ಸಂಪರ್ಕ ಸಂಖ್ಯೆ, ದೂರವಾಣಿ)*
*2ನೇ ಅಡ್ಡರಸ್ತೆ*

*ಗೆ,*
*ಸಹಾಯಕ ಕಾರ್ಯಪಾಲಕ ಅಭಿಯಂತರರು,*
*ನೀರು ಸರಬರಾಜು ಉಪವಿಭಾಗ*

*ದಿನಾಂಕ: ಮಾರ್ಚ್ 12*

*ಮಾನ್ಯರೇ,*

*ವಿಷಯ: ಮಾರ್ಚ್ 9ರ ಪೈಪ್ ದುರಸ್ತಿಯ ನಂತರ 2ನೇ ಅಡ್ಡರಸ್ತೆಗೆ ಕೆಸರು ನೀರು ಬರುತ್ತಿರುವ ಬಗ್ಗೆ.*

*ನಮ್ಮ ಬೀದಿಯ ಕುಡಿಯುವ ನೀರಿನ ಪೈಪ್ ಮಾರ್ಚ್ 9ರಂದು ಮನೆ ಸಂಖ್ಯೆ 8ರ ಎದುರು ಒಡೆದಿದ್ದು, ಅದೇ ದಿನ ಸಂಜೆ ತಮ್ಮ ಸಿಬ್ಬಂದಿ ದುರಸ್ತಿ ಮಾಡಿರುತ್ತಾರೆ. ದುರಸ್ತಿಯ ಸ್ಥಳದಿಂದ ಚರಂಡಿ ಸುಮಾರು ಎರಡು ಅಡಿ ದೂರದಲ್ಲಿದೆ.*

*ಇಂದು ಬೆಳಿಗ್ಗೆ 6 ಗಂಟೆಗೆ ಮೊದಲ ಬಾರಿಗೆ ನೀರು ಬಂದಿತು. ಮನೆ ಸಂಖ್ಯೆ 3ರಲ್ಲಿ ನೀರು ತಿಳಿಯಾಗಿತ್ತು. ಮನೆ ಸಂಖ್ಯೆ 9ರಲ್ಲಿ ಹಾಗೂ ಕೊನೆಯ ಮನೆಯಾದ 24ರಲ್ಲಿ ಕಂದು ಬಣ್ಣದ ಕೆಸರು ನೀರು ಬಂದು, 6.40ರವರೆಗೂ ತಿಳಿಯಾಗಲಿಲ್ಲ. ಒಂದು ಲೀಟರ್ ಬಾಟಲಿಯಲ್ಲಿ ಹಿಡಿದಿಟ್ಟ ನೀರಿನ ತಳದಲ್ಲಿ ಒಂದು ಗಂಟೆಯ ನಂತರ ಅರ್ಧ ಬೆರಳಿನಷ್ಟು ಮಣ್ಣು ಕುಳಿತಿದೆ. ಮನೆ ಸಂಖ್ಯೆ 9ರಲ್ಲಿ ಮೊದಲ ಹತ್ತು ನಿಮಿಷ ಚರಂಡಿಯ ವಾಸನೆ ಇತ್ತು. ಬಾಟಲಿ ಮತ್ತು ಛಾಯಾಚಿತ್ರಗಳು ನಮ್ಮಲ್ಲಿವೆ.*

*ಆದ್ದರಿಂದ ತಾವು ದಯಮಾಡಿ:*

*1. ಮುಂದಿನ ಸರದಿಗೆ ಮೊದಲು ದುರಸ್ತಿಯ ಜೋಡಣೆಯನ್ನು ಪರಿಶೀಲಿಸಬೇಕು.*
*2. ಬೀದಿಯ ಕೊನೆಯ ವಾಷ್‌ಔಟ್ ವಾಲ್ವ್ ತೆರೆದು ಪೈಪನ್ನು ತೊಳೆದ ನಂತರವೇ ಮನೆಗಳಿಗೆ ನೀರು ಬಿಡಬೇಕು.*
*3. ಮನೆ ಸಂಖ್ಯೆ 9 ಮತ್ತು 24ರ ನಲ್ಲಿಗಳಿಂದ ನೀರಿನ ಮಾದರಿ ಪಡೆದು, ಉಳಿಕೆ ಕ್ಲೋರಿನ್, ಕಲಕುತನ ಮತ್ತು ಬ್ಯಾಕ್ಟೀರಿಯಾ ಪರೀಕ್ಷೆ ನಡೆಸಿ ವರದಿಯ ಪ್ರತಿ ನೀಡಬೇಕು.*
*4. ವರದಿ ಬರುವವರೆಗೆ ಟ್ಯಾಂಕರ್ ಮೂಲಕ ಕುಡಿಯುವ ನೀರು ಒದಗಿಸಬೇಕು.*

*ಕೈಗೊಂಡ ಕ್ರಮವನ್ನು ಲಿಖಿತವಾಗಿ ತಿಳಿಸಬೇಕಾಗಿ ಕೋರುತ್ತೇನೆ.*

*ತಮ್ಮ ವಿಶ್ವಾಸಿ,*
*(ಸಹಿ)*

*ಪ್ರತಿ: ನಗರಸಭೆಯ ಪೌರಾಯುಕ್ತರು, ಆರೋಗ್ಯ ಶಾಖೆ.*

ಈ ಪತ್ರದಲ್ಲಿ ಯಾರ ಮೇಲೂ ಆರೋಪವಿಲ್ಲ. "ನಿಮ್ಮವರ ನಿರ್ಲಕ್ಷ್ಯದಿಂದ ಚರಂಡಿ ನೀರು ಸೇರಿದೆ" ಎಂದು ಬರೆದಿದ್ದರೆ ಕಚೇರಿ ಅದನ್ನು ಅಲ್ಲಗಳೆಯುವುದರಲ್ಲಿಯೇ ಕಾಲ ಕಳೆಯಬಹುದಿತ್ತು. ಚರಂಡಿ ಎರಡು ಅಡಿ ದೂರದಲ್ಲಿದೆ, ಹತ್ತು ನಿಮಿಷ ವಾಸನೆ ಇತ್ತು ಎಂಬುದನ್ನು ಅಲ್ಲಗಳೆಯುವಂತಿಲ್ಲ; ಸ್ಥಳಕ್ಕೆ ಬಂದು ನೋಡಲೇಬೇಕಾಗುತ್ತದೆ. ಮೂರನೇ ಮನೆಗೆ ತಿಳಿನೀರು ಬಂದ ವಿಷಯವನ್ನು ಬಹಳ ಮಂದಿ ಬರೆಯುವುದಿಲ್ಲ. ದೂರಿನ ತೀವ್ರತೆ ಕಡಿಮೆಯಾದೀತು ಎಂಬ ಅಳುಕು ಇದಕ್ಕೆ ಕಾರಣ. ವಾಸ್ತವದಲ್ಲಿ ಇಡೀ ಪತ್ರದಲ್ಲಿ ಅಭಿಯಂತರರಿಗೆ ಹೆಚ್ಚು ಉಪಯೋಗವಾಗುವ ಸಾಲು ಅದೇ.

ಪತ್ರ ಕೊಟ್ಟ ಮೇಲೆ

ಎರಡು ಪ್ರತಿ ಒಯ್ದು, ಒಂದನ್ನು ಕಚೇರಿಯ ಟಪಾಲು ವಿಭಾಗಕ್ಕೆ ಕೊಟ್ಟು, ಇನ್ನೊಂದರ ಮೇಲೆ ದಿನಾಂಕ ಸಹಿತ ಸ್ವೀಕೃತಿ ಮೊಹರು ಪಡೆಯಬೇಕು. ಬೆಂಗಳೂರಿನಲ್ಲಿ ಪತ್ರ ಹೋಗಬೇಕಾದದ್ದು ಜಲಮಂಡಳಿಯ ಸಂಬಂಧಪಟ್ಟ ಉಪವಿಭಾಗಕ್ಕೆ. ನಗರಸಭೆಯಲ್ಲಿ ಪೌರಾಯುಕ್ತರಿಗೆ, ಪುರಸಭೆ ಮತ್ತು ಪಟ್ಟಣ ಪಂಚಾಯಿತಿಗಳಲ್ಲಿ ಮುಖ್ಯಾಧಿಕಾರಿಗೆ ಪ್ರತಿ ಕೊಡಬೇಕು. ಮುಂದಿನ ಸರದಿಗೆ ಮೊದಲೇ ಕೆಲಸವಾಗಬೇಕಿರುವುದರಿಂದ ನೀರು ಬಿಡುವ ನೀರುಗಂಟಿಗೂ ವಿಷಯ ತಿಳಿಸುವುದು ಒಳ್ಳೆಯದು. ಬೀದಿಯ ವಾಷ್‌ಔಟ್ ಎಲ್ಲಿದೆ, ಅದು ಡಾಂಬರಿನಡಿ ಮುಚ್ಚಿಹೋಗಿದೆಯೇ ಎಂಬುದು ಅವರಿಗೇ ಚೆನ್ನಾಗಿ ಗೊತ್ತಿರುತ್ತದೆ.

ಮನೆಯಲ್ಲಿ ಬಾಟಲಿಯಲ್ಲಿ ಹಿಡಿದಿಟ್ಟ ನೀರು ಮಣ್ಣನ್ನು ತೋರಿಸಲು ಸಾಕು. ಬ್ಯಾಕ್ಟೀರಿಯಾ ಪರೀಕ್ಷೆಗೆ ಸಲ್ಲದು. ಅದಕ್ಕೆ ಪ್ರಯೋಗಾಲಯವೇ ಕೊಡುವ ರೋಗಾಣುರಹಿತ ಬಾಟಲಿ ಬೇಕು. ನೀರಿನಲ್ಲಿರುವ ಕ್ಲೋರಿನ್ ದಾರಿಯಲ್ಲಿ ಬ್ಯಾಕ್ಟೀರಿಯಾವನ್ನು ಕೊಲ್ಲದಿರಲೆಂದು ಅದರಲ್ಲಿ ಸ್ವಲ್ಪ ಸೋಡಿಯಂ ಥಯೋಸಲ್ಫೇಟ್ ಹಾಕಿರುತ್ತಾರೆ. ಮಾದರಿಯನ್ನು ತಂಪಾಗಿಟ್ಟು 24 ಗಂಟೆಯೊಳಗೆ ಪ್ರಯೋಗಾಲಯ ತಲುಪಿಸಬೇಕು. ಮಾದರಿ ತೆಗೆಯುವ ಸಮಯವೂ ಮುಖ್ಯ. ನೀರು ಬಂದು ಒಂದು ಗಂಟೆಯ ನಂತರ ಮಾತ್ರ ಹಿಡಿದ ಮಾದರಿ ಶುದ್ಧವೆಂದು ಬರಬಹುದು. ಅಷ್ಟರಲ್ಲಿ ಮೊದಲ ನೀರು ಎಲ್ಲರ ಸಂಪು ಸೇರಿರುತ್ತದೆ. ಮೊದಲ ಹತ್ತು ನಿಮಿಷದಲ್ಲಿ ಒಂದು, ನಂತರ ಒಂದು ಮಾದರಿ ತೆಗೆಯುವಂತೆ ಕೇಳಬೇಕು.

ವರದಿ ಬಂದಾಗ ಮೂರು ಸಾಲುಗಳನ್ನು ನೋಡಿದರೆ ಸಾಕು. ಕುಡಿಯುವ ನೀರಿನ ಭಾರತೀಯ ಮಾನಕ ಐಎಸ್ 10500ರ 2012ರ ಆವೃತ್ತಿಯ ಪ್ರಕಾರ ಕಲಕುತನ 1 ಎನ್‌ಟಿಯು ಮೀರಬಾರದು. ಬೇರೆ ಮೂಲವೇ ಇಲ್ಲದಿದ್ದರೆ ಮಾತ್ರ 5ರವರೆಗೆ ಅವಕಾಶ. ಬರಿಗಣ್ಣಿಗೆ ನೀರು ಕಲಕಿದಂತೆ ಕಾಣಲಾರಂಭಿಸುವುದು ಸುಮಾರು 4ರ ನಂತರ. ಉಳಿಕೆ ಕ್ಲೋರಿನ್ ಲೀಟರಿಗೆ ಕನಿಷ್ಠ 0.2 ಮಿ.ಗ್ರಾಂ ಇರಬೇಕು. 100 ಮಿ.ಲೀ. ನೀರಿನಲ್ಲಿ ಇ-ಕೋಲಿ ಬ್ಯಾಕ್ಟೀರಿಯಾ ಒಂದೂ ಇರಬಾರದು. ಈ ಮೂರೂ ಒಂದಕ್ಕೊಂದು ಹೊಂದಿಕೊಂಡಿವೆ. ಕೆಸರಿನ ಕಣಗಳು ಕ್ಲೋರಿನ್ ಅನ್ನು ಹೀರಿಕೊಳ್ಳುತ್ತವೆ, ರೋಗಾಣುಗಳಿಗೆ ಮರೆಯನ್ನೂ ಒದಗಿಸುತ್ತವೆ. ಟ್ಯಾಂಕಿನಿಂದ ಸಾಕಷ್ಟು ಕ್ಲೋರಿನ್‌ನೊಂದಿಗೆ ಹೊರಟ ನೀರಿನಲ್ಲಿ ಬೀದಿಯ ಕೊನೆಗೆ ಬರುವಷ್ಟರಲ್ಲಿ ಅದು ಶೂನ್ಯವಾಗಿದ್ದರೆ, ನಡುವೆ ಎಲ್ಲಿಯೋ ಕೊಳೆ ಸೇರಿದೆ ಎಂದು ಶಂಕಿಸಬೇಕು.

ಕಚೇರಿ ಉತ್ತರಿಸದಿದ್ದರೆ 2005ರ ಮಾಹಿತಿ ಹಕ್ಕು ಕಾಯ್ದೆಯಡಿ ದುರಸ್ತಿಯ ದಾಖಲೆ, ಪೈಪ್ ತೊಳೆದ ದಿನಾಂಕ ಹಾಗೂ ಪರೀಕ್ಷಾ ವರದಿಯ ಪ್ರತಿಗಳನ್ನು ಕೇಳಬಹುದು; ಉತ್ತರಕ್ಕೆ 30 ದಿನಗಳ ಗಡುವಿದೆ. ಆದರೆ ಕೆಸರು ನೀರಿನ ವಿಷಯದಲ್ಲಿ 30 ದಿನವೆಂದರೆ ಏಳೆಂಟು ಸರದಿಗಳು. ಆದ್ದರಿಂದ ಆ ಅರ್ಜಿ ಮೊದಲ ಪತ್ರಕ್ಕೆ ಬದಲಿಯಾಗದು; ಮೊದಲ ಪತ್ರಕ್ಕೆ ಸ್ವೀಕೃತಿ ಇದ್ದರೆ ಮಾತ್ರ ಅದಕ್ಕೂ ಬಲ.

ಅಲ್ಲಿಯವರೆಗೆ ಮನೆಯಲ್ಲಿ

ಕೆಸರು ಕಂಡ ಕೂಡಲೇ ಸಂಪಿಗೆ ಹೋಗುವ ವಾಲ್ವ್ ಮುಚ್ಚಬೇಕು. ಸಂಪಿಗೆ ಒಮ್ಮೆ ಇಳಿದ ಮಣ್ಣನ್ನು ಮೋಟರ್ ಮೇಲಿನ ಟ್ಯಾಂಕಿಗೂ ಏರಿಸುತ್ತದೆ. ಬೀದಿಯ ಪೈಪ್ ಸರಿಯಾದ ನಂತರವೂ ಮನೆಯ ನಲ್ಲಿಯಲ್ಲಿ ಕೆಸರು ಮುಂದುವರಿಯುತ್ತದೆ, ಆಗ ದೂರು ಯಾರದೆಂಬ ಗೊಂದಲ ಹುಟ್ಟುತ್ತದೆ. ಈಗಾಗಲೇ ಇಳಿದಿದ್ದರೆ ಸಂಪು ಮತ್ತು ಟ್ಯಾಂಕ್ ಎರಡನ್ನೂ ಖಾಲಿ ಮಾಡಿ ತೊಳೆಯಬೇಕು.

ಬೇರೆ ನೀರಿಲ್ಲದಿದ್ದರೆ, ಹಿಡಿದ ನೀರನ್ನು ಕೊಡದಲ್ಲಿ ನಿಲ್ಲಿಸಿ, ತಿಳಿಯಾದ ಮೇಲಿನ ಭಾಗವನ್ನು ಮಡಿಸಿದ ಹತ್ತಿ ಬಟ್ಟೆಯಲ್ಲಿ ಸೋಸಿ, ಗುಳುಗುಳು ಕುದಿಯತೊಡಗಿದ ನಂತರವೂ ಕನಿಷ್ಠ ಒಂದು ನಿಮಿಷ ಕುದಿಸಬೇಕು. ಸೋಸುವುದರಿಂದ ಮಣ್ಣು ಹೋಗುತ್ತದೆ, ರೋಗಾಣು ಹೋಗುವುದಿಲ್ಲ. ನೀರಿಗೆ ಚರಂಡಿಯ ವಾಸನೆ ಇದ್ದರೆ ಕುದಿಸಿಯೂ ಕುಡಿಯಬಾರದು. ಬೀದಿಯಲ್ಲಿ ಒಂದಕ್ಕಿಂತ ಹೆಚ್ಚು ಮನೆಗಳಲ್ಲಿ ವಾಂತಿಭೇದಿ ಕಾಣಿಸಿಕೊಂಡರೆ, ಎಷ್ಟು ಮನೆ, ಯಾವ ದಿನದಿಂದ ಎಂಬ ವಿವರದೊಂದಿಗೆ ಅಂದೇ ಆರೋಗ್ಯ ಕೇಂದ್ರಕ್ಕೆ ತಿಳಿಸಬೇಕು. ಆ ವಿವರವನ್ನು ನೀರಿನ ಕಚೇರಿಗೆ ಎರಡನೆಯ ಪತ್ರವಾಗಿ ಕೊಡಬೇಕು.

ಪೈಪ್ ತೊಳೆದ ನಂತರದ ಸರದಿಯಲ್ಲಿ ಅದೇ ಮೂರು ಮನೆಗಳಲ್ಲಿ ಮತ್ತೆ ಲೋಟ ಹಿಡಿದು ನೋಡಬೇಕು. ಮಣ್ಣಿನ ಪದರ ಮಾತ್ರ ಕಾರಣವಾಗಿದ್ದರೆ ಈ ಬಾರಿ ಮೊದಲ ಕೆಲವು ನಿಮಿಷಗಳಲ್ಲಿಯೇ ನೀರು ತಿಳಿಯಾಗುತ್ತದೆ. ಪ್ರತಿ ಸರದಿಯ ಆರಂಭದಲ್ಲಿಯೂ ಕೆಸರೋ ವಾಸನೆಯೋ ಮರಳಿ ಬಂದರೆ ಪೈಪ್ ತೊಳೆದು ಪ್ರಯೋಜನವಿಲ್ಲ. ಗುಂಡಿಯನ್ನು ಮತ್ತೆ ತೆರೆದು ಜೋಡಣೆಯನ್ನೇ ಬದಲಿಸಬೇಕು. ಎರಡನೆಯ ಪತ್ರದಲ್ಲಿ ಕೇಳಬೇಕಾದದ್ದು ಅದನ್ನೇ.